ಕರೆ ಬಾರದ ಗೆಳತಿಯನ್ನು ಸಂತೈಸುವ ಬಗೆ

ಗೆಳತಿಯರ ಕೂಟವೊಂದು ನಡೆಯುತ್ತದೆ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಕರೆ ಹೋಗುತ್ತದೆ, ಒಬ್ಬಳಿಗೆ ಹೋಗುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಅತ್ಯಲ್ಪ ಸಂಗತಿಯಾಗಿ ತೋರುವುದು. ಒಂದು ಹೊತ್ತಿನ ಊಟ ತಪ್ಪಿತು, ಅಷ್ಟೆ ಎನ್ನುವರು. ಆದರೆ ಹುಡುಗಿಯರ ನಡುವೆ ಬಹುಕಾಲ ಕೆಲಸ ಮಾಡಿದವರು ಇದನ್ನು ಅಲ್ಪವೆಂದು ಎಣಿಸಲಾರರು. ಕರೆ ಬಾರದವಳು ಕರೆಯದವಳೊಬ್ಬಳನ್ನು ಬಿಟ್ಟು ದೂರವಾಗುವುದಿಲ್ಲ. ಹೋದ ಒಂಬತ್ತು ಮಂದಿಯಿಂದಲೂ ಮೆಲ್ಲಗೆ ದೂರ ಸರಿಯುತ್ತಾಳೆ. ಹತ್ತು ವರ್ಷದ ಸ್ನೇಹವು ಜಗಳವಿಲ್ಲದೆ, ಒಂದು ಮಾತೂ ಇಲ್ಲದೆ ಮುಗಿದುಹೋಗುವುದು ಹೀಗೆಯೇ. ಆ ಒಂಬತ್ತು ಮಂದಿಯಲ್ಲಿ ಒಬ್ಬಳು ಸಕಾಲದಲ್ಲಿ ಅವಳ ಬಳಿಗೆ ಹೋದರೆ ಸಾಮಾನ್ಯವಾಗಿ ಅದನ್ನು ತಡೆಯಬಹುದು. ಆದರೆ ಹೋಗಿ ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಹೇಳಲೇಬಾರದು ಎಂಬುದು ತಿಳಿಯದೆ ಅನೇಕರು ಹೋಗುವುದಕ್ಕೇ ಅಂಜುತ್ತಾರೆ. ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಉಪಯೋಗವಾಗಲೆಂದು ಆ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ನಮ್ಮ ನಾಡಿನಲ್ಲಿ ಕರೆಯೆಂಬುದು ಕೇವಲ ಸಮಾಚಾರವಲ್ಲ. ಮದುವೆಯ ಪತ್ರಿಕೆ ಅಂಚೆಯಲ್ಲಿ ಬಂದಿದ್ದರೂ, "ಮನೆಗೆ ಬಂದು ಕರೆಯಲಿಲ್ಲ" ಎಂದು ಹೋಗದೆ ಉಳಿಯುವವರು ಇಂದಿಗೂ ಉಂಟು. ದಿನವೂ ಸ್ಥಳವೂ ಗಂಟೆಯೂ ಅವರಿಗೆ ತಿಳಿದೇ ಇರುತ್ತದೆ, ಆದರೂ ಕರೆದಂತಾಗಲಿಲ್ಲ. ಏಕೆಂದರೆ ಬಾಗಿಲಿಗೆ ಬಂದು ಕರೆಯುವುದರ ಅರ್ಥವು "ನೀವು ನಮ್ಮವರು, ನೀವಿಲ್ಲದೆ ನಮಗೆ ಆಗದು" ಎಂಬುದಾಗಿದೆ. ಹಾಗಿರುವಾಗ ಕರೆಯೇ ಬಾರದಿದ್ದರೆ ಅದರ ಅರ್ಥವು "ನೀನಿಲ್ಲದೆ ನಮಗೆ ಆಗುವುದು" ಎಂದಾಗಿ ಕೇಳಿಸುವುದು ಸಹಜವೇ. ಹಿಂದೆ ಇಂಥ ಕೂಟದ ಸುದ್ದಿಯು ವಾರವೋ ತಿಂಗಳೋ ಕಳೆದ ಮೇಲೆ ಯಾರದೋ ಬಾಯಿಂದ ತಿಳಿಯುತ್ತಿತ್ತು. ಈಗಲಾದರೋ ಊಟದ ಎಲೆ ಎತ್ತುವುದಕ್ಕೆ ಮೊದಲೇ ಒಂಬತ್ತು ನಗುಮುಖಗಳ ಚಿತ್ರವು ಮೊಬೈಲಿಗೆ ಬಂದು ಬೀಳುತ್ತದೆ. ಮೊದಲು ಕಿವಿಗೆ ಬೀಳುತ್ತಿದ್ದುದು ಈಗ ಕಣ್ಣಿಗೇ ಬೀಳುತ್ತದೆ. ಅದೂ ಅದೇ ದಿನ.

ಈ ನೋವಿನ ಸ್ವರೂಪವನ್ನು ತಿಳಿದರೆ ಸಂತೈಸುವ ಬಗೆಯು ತಾನಾಗಿ ತಿಳಿಯುವುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಿಪ್ಲಿಂಗ್ ವಿಲಿಯಮ್ಸ್ ಎಂಬವರು ಇದನ್ನು ಹಲವು ವರ್ಷ ಶೋಧಿಸಿದವರು. ಒಮ್ಮೆ ಅವರು ಉದ್ಯಾನದಲ್ಲಿ ಕುಳಿತಿದ್ದಾಗ, ಅಲ್ಲಿ ಆಡುತ್ತಿದ್ದ ಇಬ್ಬರು ಅಪರಿಚಿತರ ಆಟದ ತಟ್ಟೆಯೊಂದು ಅವರ ಬಳಿಗೆ ಬಂದು ಬಿತ್ತಂತೆ. ಅವರು ಅದನ್ನು ಹಿಂದಕ್ಕೆ ಎಸೆದರು. ಆ ಇಬ್ಬರೂ ಇವರ ಕಡೆಗೆ ಮತ್ತೆ ಎಸೆದರು. ಹೀಗೆ ಕೆಲವು ಸಲ ಮೂವರೂ ಆಡಿದರು. ಆಮೇಲೆ ಒಂದು ಮಾತೂ ಇಲ್ಲದೆ ಅವರಿಬ್ಬರು ತಮ್ಮತಮ್ಮೊಳಗೇ ಆಡತೊಡಗಿದರು. ಹೆಸರು ತಿಳಿಯದ ಇಬ್ಬರು ತನ್ನನ್ನು ಆಟದಿಂದ ಬಿಟ್ಟದ್ದಕ್ಕೆ ತನಗೆ ಇಷ್ಟೊಂದು ನೋವೇಕಾಯಿತು ಎಂದು ಅವರು ಆಶ್ಚರ್ಯಪಟ್ಟರು. ಅದರಿಂದ ಒಂದು ಪರೀಕ್ಷೆ ಹುಟ್ಟಿತು. ಗಣಕಯಂತ್ರದ ತೆರೆಯ ಮೇಲೆ ಮೂವರು ಚೆಂಡೆಸೆದು ಆಡುವ ಆಟ. ಪರೀಕ್ಷೆಗೆ ಬಂದವನಿಗೆ ಮೊದಲು ಒಂದೆರಡು ಸಲ ಚೆಂಡು ಬರುವುದು, ಆಮೇಲೆ ಬಾರದು. 2000ನೆಯ ವರ್ಷದಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ಲೇಖನದಲ್ಲಿ 62 ದೇಶಗಳ 1,486 ಮಂದಿ ಈ ಬಗೆಯ ಆಟವಾಡಿದ ವಿವರವಿದೆ. ಚೆಂಡು ಬಾರದೆ ಹೋದವರ ಮನಸ್ಸು ಕೆಲವೇ ನಿಮಿಷಗಳಲ್ಲಿ ಕುಗ್ಗಿತೆಂದು ಕಂಡುಬಂದಿತು.

ಸಂತೈಸಹೊರಟವರಿಗೆ ಇದಕ್ಕಿಂತಲೂ ಮುಖ್ಯವಾದ ಸಂಗತಿಯು 2004ರಲ್ಲಿ ಪ್ರಕಟವಾಯಿತು. ಆ ಸಲ ಕೆಲವರಿಗೆ "ನಿಮ್ಮೊಡನೆ ಆಡುತ್ತಿರುವವರು ಮನುಷ್ಯರಲ್ಲ, ಗಣಕಯಂತ್ರವೇ ಆಡುತ್ತಿದೆ" ಎಂದು ಮುಂಚಿತವಾಗಿ ತಿಳಿಸಿದ್ದರು. ಯಂತ್ರಕ್ಕೆ ದ್ವೇಷವೂ ಇಲ್ಲ, ಅಸಡ್ಡೆಯೂ ಇಲ್ಲ. ಆದರೂ ಚೆಂಡು ಬಾರದಾಗ ಅವರ ಮನಸ್ಸು ಸರಿಸುಮಾರು ಅಷ್ಟೇ ಕುಗ್ಗಿತು. ಇದರಿಂದ ತಿಳಿಯುವುದೇನೆಂದರೆ, ಬಿಟ್ಟುಹೋದ ನೋವು ಕಾರಣವನ್ನು ಕೇಳಿಕೊಂಡು ಬರುವುದಿಲ್ಲ. ಮೊದಲು ನೋವು ಬರುತ್ತದೆ. "ಏಕೆ ಬಿಟ್ಟರು, ಬೇಕೆಂದು ಬಿಟ್ಟರೋ ಮರೆತರೋ" ಎಂಬ ವಿಚಾರವು ಅದರ ಹಿಂದಿನಿಂದ ನಡೆದು ಬರುತ್ತದೆ. ಮೊದಲ ಪೆಟ್ಟು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಸಮವಾಗಿ ತಗಲುವುದು. ಅದು ಎಷ್ಟು ಬೇಗ ಮಾಯುವುದೆಂಬುದು ಮಾತ್ರ ಅವರವರ ಸ್ವಭಾವವನ್ನೂ, ಆಮೇಲೆ ಅವರು ಆ ಸಂಗತಿಗೆ ಕೊಡುವ ಅರ್ಥವನ್ನೂ ಅನುಸರಿಸಿ ಇರುತ್ತದೆ. ಜನರ ನಡುವೆ ಅಳುಕುವ ಸ್ವಭಾವದವರಿಗೆ ಅದು ನಿಧಾನವಾಗಿ ಮಾಯುವುದು.

ಸಂತೈಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಅವರು ಬಂದ ಕೂಡಲೇ ಕಾರಣವನ್ನು ಹೇಳತೊಡಗುತ್ತಾರೆ: "ಅವಳ ಮನೆ ಚಿಕ್ಕದು, ಎಲ್ಲರನ್ನೂ ಕರೆಯುವುದಕ್ಕೆ ಆಗಲಿಲ್ಲವೇನೋ." ಕಾರಣವು ನಿಜವೇ ಆಗಿರಬಹುದು. ಆದರೆ ಪೆಟ್ಟಿನ ಹೊತ್ತಿನಲ್ಲಿ ಕಾರಣಕ್ಕೆ ಕಿವಿಯಿಲ್ಲ. ಕೇಳುವವಳಿಗೆ ಅದು ಕರೆಯದವಳ ಪರವಾಗಿ ಬಂದ ವಕೀಲಿಯಂತೆ ತೋರುವುದೇ ಹೊರತು ಸಮಾಧಾನವಾಗಿ ತೋರದು.

ವಿಲಿಯಮ್ಸರು ಇಂಥ ಸಮಯದಲ್ಲಿ ಮನಸ್ಸಿನ ನಾಲ್ಕು ಆಸರೆಗಳು ಒಮ್ಮೆಲೇ ಅಲುಗುತ್ತವೆ ಎಂದು ಹೇಳುತ್ತಾರೆ. "ನಾನು ಇವರವಳು" ಎಂಬುದು ಒಂದು. "ನಾನು ಯೋಗ್ಯಳು" ಎಂಬುದು ಎರಡನೆಯದು. "ನನ್ನ ಸಂಗತಿ ಸ್ವಲ್ಪವಾದರೂ ನನ್ನ ಕೈಯಲ್ಲಿದೆ" ಎಂಬುದು ಮೂರನೆಯದು. "ನಾನು ಇದ್ದೇನೆಂಬುದು ಇತರರಿಗೆ ಕಾಣುತ್ತದೆ" ಎಂಬುದು ನಾಲ್ಕನೆಯದು. ಜಗಳದಲ್ಲಿ ಬೈಸಿಕೊಂಡವಳಿಗೆ ಮೂರನೆಯದೂ ನಾಲ್ಕನೆಯದೂ ಉಳಿದಿರುತ್ತವೆ. ಅವಳು ಎದುರು ಮಾತಾಡಬಹುದು, ಬೈದವರ ಕಣ್ಣಿಗೆ ಅವಳು ಬಿದ್ದೇ ಇದ್ದಾಳೆ. ಕರೆ ಬಾರದವಳು ಯಾರೊಡನೆ ಜಗಳವಾಡಬೇಕು? "ನನ್ನನ್ನೇಕೆ ಕರೆಯಲಿಲ್ಲ" ಎಂದು ಕೇಳುವುದಕ್ಕೆ ಮಾನ ಅಡ್ಡ ಬರುತ್ತದೆ. ಆದುದರಿಂದಲೇ ಅವಳು ಸುಮ್ಮನಾಗುತ್ತಾಳೆ. ಅವಳನ್ನು ಸಂತೈಸುವುದೆಂದರೆ ಈ ನಾಲ್ಕನ್ನು ಒಂದೊಂದಾಗಿ ಹಿಂದಕ್ಕೆ ಕೊಡುವುದು. ಅದಕ್ಕೆ ಕ್ರಮವಿದೆ: ಮೊದಲು ನೋವನ್ನು ಒಪ್ಪಿಕೊಳ್ಳುವುದು, ಆಮೇಲೆ ತಿಳಿದಷ್ಟು ಸತ್ಯವನ್ನು ಹೇಳುವುದು, ಕಡೆಯಲ್ಲಿ ದಿನ ಗೊತ್ತುಮಾಡಿದ ಒಂದು ಚಿಕ್ಕ ಕರೆಯನ್ನು ಕೊಡುವುದು.

ಇದನ್ನು ಒಂದು ದೃಷ್ಟಾಂತದಿಂದ ವಿವರಿಸುತ್ತೇವೆ. ಹಳೆಯ ವಿದ್ಯಾರ್ಥಿನಿಯರಿಗೆ ಇಂಥದು ಹೊಸದಾಗಿ ತೋರದೆಂದು ನಂಬುತ್ತೇವೆ. ಒಂದೇ ತರಗತಿಯಲ್ಲಿ ಓದಿದ ಹತ್ತು ಮಂದಿ ಇದ್ದಾರೆ. ಈಗ ಎಲ್ಲರೂ ಗೃಹಿಣಿಯರೋ ಉದ್ಯೋಗಸ್ಥೆಯರೋ ಆಗಿದ್ದಾರೆ. ದಸರೆಯ ರಜೆಯಲ್ಲಿ ಒಬ್ಬಳು ತನ್ನ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕರೆದಳು. ಎಂಟು ಮಂದಿ ಹೋದರು. ಒಬ್ಬಳಿಗೆ ಕರೆ ಬರಲಿಲ್ಲ. ಹೋದವರಲ್ಲಿ ಒಬ್ಬಳು ಕರೆ ಬಾರದವಳಿಗೆ ಬಹು ಬೇಕಾದವಳು. ಊಟಕ್ಕೆ ಕುಳಿತಾಗ ಗೆಳತಿಯಿಲ್ಲದ್ದು ಅವಳ ಗಮನಕ್ಕೆ ಬಂದಿತು, ಕೆಲಸವಿರಬಹುದೆಂದು ಸುಮ್ಮನಾದಳು. ಸಂಜೆ ಚಿತ್ರಗಳು ಎಲ್ಲರ ಮೊಬೈಲಿನಲ್ಲಿ ಹರಿದಾಡಿದವು. ಮರುದಿನದಿಂದ ಆ ಒಬ್ಬಳು ತರಗತಿಯ ವಾಟ್ಸಾಪ್ ಬಳಗದಲ್ಲಿ ಒಂದು ಮಾತನ್ನೂ ಬರೆಯಲಿಲ್ಲ. ಯಾರಾದರೂ ನೇರವಾಗಿ ಕೇಳಿದರೆ "ಸರಿ" ಎಂಬ ಒಂದೇ ಉತ್ತರ. ಮಾತು ಹೆಚ್ಚಾಗಿರುತ್ತಿದ್ದವಳು ಹೀಗೆ ಒಂದೇ ಶಬ್ದಕ್ಕೆ ಇಳಿದುದೇ ಮೊದಲ ಗುರುತು.

ಗೆಳತಿಯು ಮಾಡಿದ ಮೊದಲ ಕೆಲಸವು ಚಿಕ್ಕದು. ಬಳಗದಲ್ಲಿ ಎಲ್ಲರೆದುರಿಗೆ "ನೀನೇಕೆ ಬರಲಿಲ್ಲ?" ಎಂದು ಕೇಳಲಿಲ್ಲ. ಹಾಗೆ ಕೇಳಿದ್ದರೆ "ನನ್ನನ್ನು ಕರೆಯಲಿಲ್ಲ" ಎಂದು ಅವಳ ಬಾಯಿಂದಲೇ ಎಂಟು ಮಂದಿಯೆದುರಿಗೆ ಹೇಳಿಸಿದಂತಾಗುತ್ತಿತ್ತು. ಅವಳೊಬ್ಬಳಿಗೇ ಹೀಗೆ ಬರೆದಳು: "ನಿನ್ನನ್ನು ನೋಡಬೇಕೆನ್ನಿಸಿದೆ. ನಾಳೆ ಸಂಜೆ ಐದಕ್ಕೆ ಬರಲೆ? ಆಗದಿದ್ದರೆ ಯಾವ ಹೊತ್ತಿಗೆ ಎಂದು ನೀನೇ ಹೇಳು." ಈ ಮೂರು ವಾಕ್ಯಗಳಲ್ಲಿ ಪ್ರಶ್ನೆಯ ಮುಳ್ಳಿಲ್ಲ, ಹೊತ್ತನ್ನು ಗೊತ್ತುಮಾಡುವ ಅಧಿಕಾರವೂ ಅವಳ ಕೈಗೆ ಹೋಯಿತು. ಕೈಯಿಂದ ಜಾರಿದ ಮೂರನೆಯ ಆಸರೆಯಲ್ಲಿ ಒಂದು ತುಣುಕು ಆಗಲೇ ಹಿಂದಕ್ಕೆ ಬಂದಿತು.

ಮರುದಿನ ಕಾಫಿಯ ಲೋಟ ಕೈಗೆ ಬಂದ ಮೇಲೆ ಅವಳು ಸುತ್ತಿ ಬಳಸದೆ ಹೇಳಿದಳು: "ಆ ದಿನದ ಊಟಕ್ಕೆ ನಾನೂ ಹೋಗಿದ್ದೆ ಕಣೇ. ನೀನು ಬಾರದ್ದು ನನ್ನ ಮನಸ್ಸಿಗೆ ಬಂತು. ನಿನಗೆ ಕರೆಯೇ ಹೋಗಿಲ್ಲವೆಂದು ಆಮೇಲೆ ತಿಳಿಯಿತು. ಬಹಳ ನೊಂದಿರಬೇಕು ನೀನು." ತಾನು ಹೋಗಿದ್ದುದನ್ನು ಮುಚ್ಚಿಡದಿರುವುದು ಅತ್ಯವಶ್ಯ. ಮುಚ್ಚಿಟ್ಟರೆ ಚಿತ್ರವೇ ಸಾಕ್ಷಿ ಹೇಳುವುದು; ಆಗ ಹೇಳಿದ ಉಳಿದ ಮಾತುಗಳೂ ಸುಳ್ಳಾಗಿ ತೋರುವುವು. "ನೀನು ಬಾರದ್ದು ನನ್ನ ಮನಸ್ಸಿಗೆ ಬಂತು" ಎಂಬುದು ನಾಲ್ಕನೆಯ ಆಸರೆಯನ್ನು ಕೊಡುವ ಮಾತು. ತಾನಿಲ್ಲದ ಜಾಗವು ಯಾರೊಬ್ಬರ ಕಣ್ಣಿಗೂ ಬೀಳಲಿಲ್ಲವೆಂಬುದೇ ಅವಳ ಭಯವಾಗಿತ್ತು. ಒಬ್ಬರ ಕಣ್ಣಿಗಾದರೂ ಬಿದ್ದಿತ್ತೆಂದು ಈಗ ತಿಳಿಯಿತು. ಆದರೆ ಈ ಮಾತು ನಿಜವಾಗಿದ್ದರೆ ಮಾತ್ರ ಹೇಳತಕ್ಕದ್ದು. ನಿಜವಾಗಿ ನೆನಪಿಗೆ ಬಾರದಿದ್ದರೆ "ಚಿತ್ರದಲ್ಲಿ ನೀನಿಲ್ಲದ್ದನ್ನು ಕಂಡೆ" ಎಂದರೆ ಸಾಕು.

ಮೊದಲು ಅವಳು "ಛೆ, ಅದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ" ಎಂದಳು. ಗೆಳತಿಯು ಒತ್ತಾಯಿಸಲಿಲ್ಲ, ಮಾತು ಬದಲಿಸಲೂ ಇಲ್ಲ. ಕಾಫಿ ಕುಡಿಯುತ್ತ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಮಾತು ಬಂದಿತು. ಬಸ್ಸಿನಲ್ಲಿ ಬರುವಾಗ ಚಿತ್ರವನ್ನು ಕಂಡದ್ದು, ಇಳಿಯಬೇಕಾದ ನಿಲ್ದಾಣ ತಪ್ಪಿಹೋದದ್ದು, ಆ ರಾತ್ರಿ ಯಾರಿಗೂ ಹೇಳದೆ ಮಲಗಿದ್ದು, ಶಾಲೆಯ ದಿನಗಳಲ್ಲಿಯೂ ತನ್ನನ್ನು ಎಲ್ಲರೂ ಸಹಿಸಿಕೊಂಡಿದ್ದರಷ್ಟೇ ಎಂದು ಈಗ ತೋರುತ್ತಿರುವುದು. "ನಾನು ಯಾರಿಗೂ ಬೇಡದವಳು" ಎಂದು ಅತ್ತಳು. ಇಲ್ಲಿ "ಹಾಗೆಲ್ಲ ಹೇಳಬೇಡ" ಎಂದು ಬಾಯಿ ಮುಚ್ಚಿಸುವುದು ಸುಲಭ. ಗೆಳತಿಯು ಹಾಗೆ ಮಾಡದೆ, "ಬಸ್ಸಿನಲ್ಲಿ ಕಂಡೆಯಾ? ಜನರ ನಡುವೆ ಅಳುವುದಕ್ಕೂ ಆಗದೆ ಹೋಗಿರಬೇಕು" ಎಂದಳು. ಅಂದರೆ ಅವಳು ಹೇಳಿದುದರಲ್ಲಿ ಒಂದು ಸಂಗತಿಯನ್ನು ಹಿಡಿದು, ಅದರ ನೋವನ್ನು ಕಂಡೆನೆಂದು ತೋರಿಸಿದಳು. ವಾದ ಮಾಡಲಿಲ್ಲ, ಒಪ್ಪಿಯೂ ಬಿಡಲಿಲ್ಲ.

ಅರ್ಧ ಗಂಟೆಯ ಹೊತ್ತಿಗೆ ಮಾತಿನ ಗತಿ ಬದಲಾಯಿತು. "ಅವಳು ಹೀಗೇಕೆ ಮಾಡಿದಳೋ!" ಎಂದು ಅವಳೇ ಕೇಳಿದಳು. ಇದೇ ಎರಡನೆಯ ಹೆಜ್ಜೆಯನ್ನಿಡುವ ಗುರುತು. "ನಾನು ಎಂಥವಳು" ಎಂಬಲ್ಲಿಂದ "ಏನು ನಡೆಯಿತು" ಎಂಬಲ್ಲಿಗೆ ಮನಸ್ಸು ತಿರುಗಿದಾಗ ಕಾರಣಕ್ಕೆ ಕಿವಿ ಬರುತ್ತದೆ. ಆಗಲೂ ಊಹೆಯನ್ನು ಹೇಳದೆ ಕಂಡುದನ್ನಷ್ಟೇ ಹೇಳಬೇಕು. ಗೆಳತಿಯು ಹೇಳಿದುದು ಹೀಗೆ: "ಹಿಂದಿನ ವಾರ ಒಂದು ಮದುವೆಯಲ್ಲಿ ನಾವು ಎಂಟು ಮಂದಿ ಅವಳಿಗೆ ಸಿಕ್ಕಿದ್ದೆವು. ಊಟಕ್ಕೆ ಬನ್ನಿರೆಂದು ಅಲ್ಲಿಯೇ ಬಾಯಿಮಾತಿನಲ್ಲಿ ಕರೆದಳು. ನೀನು ಆ ಮದುವೆಗೆ ಬಂದಿರಲಿಲ್ಲ. ಆಮೇಲೆ ನಿನಗೆ ಹೇಳಿಕಳಿಸಬಹುದಿತ್ತು, ಕಳಿಸಲಿಲ್ಲ. ಏಕೆಂದು ನನಗೆ ಗೊತ್ತಿಲ್ಲ." ಈ ಮಾತಿನಲ್ಲಿ ಕರೆದವಳನ್ನು ದೂರಿಲ್ಲ, ಬಿಡಿಸಿಕೊಂಡೂ ಇಲ್ಲ. ಕಡೆಯ ವಾಕ್ಯವು ಬಹಳ ಬೆಲೆಯುಳ್ಳದ್ದು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದವಳ ಉಳಿದ ಮಾತನ್ನು ನಂಬಬಹುದು.

ಮೂರನೆಯ ಹೆಜ್ಜೆಯು ಕರೆ. "ಯಾವಾಗಲಾದರೂ ಸಿಗೋಣ" ಎಂಬುದು ಕರೆಯಲ್ಲ. ಈಗಾಗಲೇ ಬಿಟ್ಟುಹೋದವಳ ಕಿವಿಗೆ ಅದು ಉಪಚಾರದ ಮಾತಾಗಿಯೇ ಕೇಳುವುದು. ಗೆಳತಿಯು ಹೊರಡುವಾಗ ಹೀಗೆಂದಳು: "ನನ್ನ ಮಗಳ ಲಂಗದ ಅಂಚಿಗೆ ಕಸೂತಿ ಹಾಕಬೇಕೆಂದಿದ್ದೇನೆ. ಹೊಲಿಗೆಯ ತರಗತಿಯಲ್ಲಿ ನಿನ್ನ ಗವಂತಿ ಎಳೆ ಎರಡು ಕಡೆಯೂ ಒಂದೇ ಸಮವಾಗಿ ಬರುತ್ತಿತ್ತು. ನನಗೆ ಇಂದಿಗೂ ಬಾರದು. ಗುರುವಾರವೋ ಶನಿವಾರವೋ ನಮ್ಮ ಮನೆಗೆ ಬಂದು ತೋರಿಸಿಕೊಡುವೆಯಾ?" ಇಲ್ಲಿ ದಿನವಿದೆ, ಸ್ಥಳವಿದೆ, ಆರಿಸಿಕೊಳ್ಳುವುದಕ್ಕೆ ಎಡೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ ಅವಳಿಲ್ಲದೆ ಆಗದ ಕೆಲಸವೊಂದಿದೆ. "ನೀನು ಯೋಗ್ಯಳು" ಎಂದು ಹತ್ತು ಸಲ ಹೊಗಳುವುದಕ್ಕಿಂತ, ಅವಳು ನಿಜವಾಗಿ ಬಲ್ಲ ಒಂದು ವಿದ್ಯೆಯನ್ನು ಅವಳಲ್ಲಿ ಕೇಳಿಕೊಳ್ಳುವುದು ಎರಡನೆಯ ಆಸರೆಯನ್ನು ಭದ್ರವಾಗಿ ಕೊಡುವುದು. ಹೊಗಳಿಕೆಯನ್ನು ಕನಿಕರವೆಂದು ತಳ್ಳಿಬಿಡಬಹುದು. ಬಿಚ್ಚಿಟ್ಟ ಲಂಗವನ್ನು ತಳ್ಳಲಾಗದು.

ಶನಿವಾರ ಅವಳು ಬಂದಳು. ಆ ಹತ್ತು ಮಂದಿಯಲ್ಲಿ ಇನ್ನೊಬ್ಬಳೂ ಅಲ್ಲಿಗೆ ಬಂದಿದ್ದಳು. ಅವಳು ಬರುವಳೆಂದು ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆದಾಗಿತ್ತು. ಒಂಬತ್ತು ಮಂದಿಯನ್ನು ಒಮ್ಮೆಲೇ ಎದುರಿಸುವುದು ಕಷ್ಟ. ಒಬ್ಬರಾದ ಮೇಲೆ ಒಬ್ಬರನ್ನು ಕಾಣುವುದು ಸುಲಭ. ಊಟಕ್ಕೆ ಕರೆದವಳಿಗೆ ಈ ಸಂಗತಿಯನ್ನು ಹೇಳಬೇಕೆ ಎಂಬ ಪ್ರಶ್ನೆ ಆ ದಿನ ಬಂದಿತು. "ನಾನು ಹೇಳಬಹುದೆ, ಬೇಡವೆ? ನಿನ್ನಿಷ್ಟದಂತೆ ಮಾಡುತ್ತೇನೆ" ಎಂದು ಗೆಳತಿಯು ಕೇಳಿದಳು. ಇದನ್ನು ಕೇಳದೆ ಹೋಗಿ ಹೇಳಿದವರು ಸಹಾಯವೆಂದೇ ಹೇಳುತ್ತಾರೆ. ಆದರೆ ನೊಂದವಳು ತನ್ನ ಕಣ್ಣೀರು ಊರ ಮೇಲೆ ಬಿದ್ದಿತೆಂದು ಎರಡನೆಯ ಸಲ ನೋಯುತ್ತಾಳೆ. ನಮ್ಮ ದೃಷ್ಟಾಂತದಲ್ಲಿ ಅವಳು "ಬೇಡ" ಎಂದಳು, ವಿಷಯ ಅಲ್ಲಿಗೇ ನಿಂತಿತು. ಎರಡು ವಾರದ ಮೇಲೆ ಬಳಗದಲ್ಲಿ ಯಾರೋ ಹಳೆಯ ಹೊಲಿಗೆ ಪುಸ್ತಕದ ವಿಚಾರ ಕೇಳಿದಾಗ ಅವಳು ನಾಲ್ಕು ಸಾಲು ಬರೆದಳು. ಸಮಾಧಾನವಾಯಿತೆಂಬುದಕ್ಕೆ ಇಂಥ ಗುರುತುಗಳೇ ಸಾಕು. ನಗು ಬಂದಿತೇ ಎಂದು ನೋಡಬಾರದು. ಕೇಳದೆ ತಾನಾಗಿ ಮಾತು ಬಂದಿತೇ ಎಂದು ನೋಡಬೇಕು.

ಇನ್ನು ಇದು ಕೆಡುವ ಬಗೆಗಳನ್ನು ಹೇಳಬೇಕು. ಮೊದಲನೆಯದು ನೋವನ್ನು ಕಿರಿದುಮಾಡುವುದು: "ಅಷ್ಟಕ್ಕೆಲ್ಲ ಅಳುವರೆ? ಊಟವೂ ಅಷ್ಟು ಚೆನ್ನಾಗಿರಲಿಲ್ಲ." ಊಟ ಚೆನ್ನಾಗಿರಲಿಲ್ಲವೆಂಬುದರಿಂದ ಕರೆಯದುದು ಕರೆದಂತಾಗುವುದಿಲ್ಲ. ಮೇಲಾಗಿ ನೊಂದುದಲ್ಲದೆ ನೊಂದದ್ದಕ್ಕೆ ನಾಚಿಕೆಯನ್ನೂ ಅವಳು ಹೊರಬೇಕಾಗುವುದು. ಎರಡನೆಯದು ಕರೆಯದವಳನ್ನು ಬೈಯುವುದು. ಆ ಕ್ಷಣಕ್ಕೆ ಅದು ಬಹಳ ಹಿತವಾಗಿರುತ್ತದೆ. ಆದರೆ ನಾಳೆ ಅವರಿಬ್ಬರೂ ರಾಜಿಯಾದರೆ ಬೈದವಳು ನಡುವೆ ಸಿಕ್ಕಿಕೊಳ್ಳುವಳು, ರಾಜಿಯಾಗದಿದ್ದರೆ ಬೈಗುಳವೇ ಗೋಡೆಯಾಗುವುದು.

ಮೂರನೆಯದು ಸ್ನೇಹದ ವೇಷದಲ್ಲಿಯೇ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ. ಒಂದೇ ನೋವನ್ನು ಇಬ್ಬರು ಗೆಳತಿಯರು ಕೂತು ದಿನದಿನವೂ ಮೆಲುಕುಹಾಕುವುದು ಉಂಟು: ಅವಳು ಹೀಗೆಂದಳು, ಆಗ ಹಾಗೆ ನೋಡಿದಳು, ಅದರ ಅರ್ಥವೇನಿರಬಹುದು ಎಂದು. ಅಮೆರಿಕದ ಅಮಾಂಡಾ ರೋಸ್ ಎಂಬ ವಿದುಷಿಯು 2002ರಲ್ಲಿ ಶಾಲಾಮಕ್ಕಳಲ್ಲಿ ಇದನ್ನು ವಿಚಾರಿಸಿ, ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹೆಚ್ಚೆಂದು ಕಂಡರು. 2007ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಇನ್ನೊಂದು ಶೋಧನೆಯಲ್ಲಿ ಮಕ್ಕಳನ್ನು ಆರು ತಿಂಗಳ ಅಂತರದಲ್ಲಿ ಎರಡು ಸಲ ವಿಚಾರಿಸಿದರು. ಹೀಗೆ ಮೆಲುಕುಹಾಕುವ ಹುಡುಗಿಯರಲ್ಲಿ ಗೆಳೆತನವೂ ಬಲವಾಯಿತು, ಅದರೊಡನೆ ಖಿನ್ನತೆಯೂ ಕಳವಳವೂ ಹೆಚ್ಚಿದವು. ಗೆಳೆತನ ಬಲವಾಗುತ್ತಿರುವುದರಿಂದಲೇ ಅದನ್ನು ನಿಲ್ಲಿಸಬೇಕೆಂದು ಯಾರಿಗೂ ತೋರುವುದಿಲ್ಲ. ನೋವನ್ನು ಕೇಳುವುದಕ್ಕೂ ಮೆಲುಕುಹಾಕುವುದಕ್ಕೂ ವ್ಯತ್ಯಾಸವನ್ನು ಹೀಗೆ ತಿಳಿಯಬಹುದು: ಎರಡನೆಯ ದಿನದ ಮಾತಿನಲ್ಲಿ ಮೊದಲ ದಿನವಿಲ್ಲದ ಸಂಗತಿಯೇನಾದರೂ ಇದೆಯೆ? ಇಲ್ಲವಾದರೆ, "ಇದನ್ನು ನಾವು ಚೆನ್ನಾಗಿ ಮಾತಾಡಿದ್ದೇವೆ, ಈಗ ಎದ್ದು ಮಾರುಕಟ್ಟೆಗೆ ಹೋಗಿಬರೋಣ" ಎಂದು ಕೈಹಿಡಿದು ಎಬ್ಬಿಸುವುದೇ ಸ್ನೇಹ.

ಪೋಷಕರಿಗೆ ಪ್ರತ್ಯೇಕವಾಗಿ ಒಂದು ಮಾತು. ಮಗಳನ್ನು ಹುಟ್ಟುಹಬ್ಬಕ್ಕೆ ಕರೆಯಲಿಲ್ಲವೆಂದು ತಿಳಿದ ಸಂಜೆಯೇ ತಾಯಿಯು ಆ ಮನೆಗೆ ಫೋನು ಮಾಡಿ ಕೇಳುವುದುಂಟು. ಆ ತಾಯಿಯು ದಾಕ್ಷಿಣ್ಯಕ್ಕೆ "ಅಯ್ಯೋ, ಈಗಲೇ ಕಳಿಸಿ" ಎನ್ನುತ್ತಾಳೆ. ಹುಡುಗಿಯು ಹೊಸ ಬಟ್ಟೆ ತೊಟ್ಟು ಹೋಗುತ್ತಾಳೆ. ಅಲ್ಲಿ ಅವಳನ್ನು ಏಕೆ ಕರೆದರೆಂಬುದು ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ. ಬಾರದ ಕರೆಗಿಂತ ಬೇಡಿ ತಂದ ಕರೆಯು ಹೆಚ್ಚು ನೋಯಿಸುವುದು. ಆ ಸಂಜೆ ತಾಯಿಯು ಮಗಳ ಮಾತನ್ನು ಕೇಳಲಿ, ಮೊಬೈಲಿನ ಚಿತ್ರಗಳನ್ನು ಮತ್ತೆ ಮತ್ತೆ ನೋಡದಂತೆ ಬೇರೆ ಕೆಲಸಕ್ಕೆ ಜೊತೆಗೆ ಕರೆದುಕೊಳ್ಳಲಿ. ಒಂದೆರಡು ದಿನದ ಮೇಲೆ, ಮಗಳು ತಾನೇ ಹೆಸರಿಸಿದ ಒಬ್ಬ ಗೆಳತಿಯನ್ನು ಮನೆಗೆ ಕರೆಯಲಿ. ಒಬ್ಬಳೇ ಸಾಕು, ಸ್ಪರ್ಧೆಗೆ ನಿಂತು ದೊಡ್ಡ ಔತಣ ಮಾಡಬೇಕಾಗಿಲ್ಲ.

ಬೇಕೆಂದೇ ಬಿಟ್ಟಿದ್ದರೆ ಏನು ಮಾಡಬೇಕು? ಅಂಥ ಸಂದರ್ಭವೂ ಇದೆ. ಆಗ "ಮರೆತಿರಬೇಕು" ಎಂದು ಸುಳ್ಳು ಹೇಳಬಾರದು. ಸತ್ಯವು ಇನ್ನೊಬ್ಬರ ಬಾಯಿಂದ ಬಂದ ದಿನ ಸಂತೈಸಿದವಳೂ ಕೈಬಿಟ್ಟವರ ಸಾಲಿಗೆ ಸೇರುವಳು. ಸತ್ಯವನ್ನು ಅದರ ಅಳತೆಗೆ ಮೀರದಂತೆ ಹೇಳಬೇಕು: "ಅವಳಿಗೆ ನಿನ್ನ ಮೇಲೆ ಬೇಸರವಿರುವುದು ನಿಜ. ಅದು ಅವಳೊಬ್ಬಳ ಮಾತು, ನಮ್ಮೆಲ್ಲರದಲ್ಲ." ನೊಂದ ಮನಸ್ಸು ಒಬ್ಬಳ ತೀರ್ಪನ್ನು ಒಂಬತ್ತು ಮಂದಿಯ ತೀರ್ಪಾಗಿ ಎಣಿಸುತ್ತದೆ, ಅದನ್ನು ಒಬ್ಬಳಿಗೆ ಇಳಿಸುವುದೇ ಇಲ್ಲಿ ಮಾಡಬಹುದಾದ ಉಪಕಾರ. ಆದರೆ ಶಾಲೆಯಲ್ಲಿ ಒಬ್ಬ ಹುಡುಗಿಯನ್ನು ಊಟದ ಸಾಲಿನಿಂದಲೂ ಆಟದಿಂದಲೂ ಮಾತಿನಿಂದಲೂ ವಾರಗಟ್ಟಲೆ ಕೂಡಿಕೊಂಡು ಹೊರಗಿಡುತ್ತಿದ್ದರೆ ಅದು ಕರೆ ಬಾರದ ವಿಷಯವಲ್ಲ, ಪೀಡನೆ. ಅದನ್ನು ಗೆಳತಿಯೊಬ್ಬಳ ಮೇಲೆ ಬಿಡದೆ ಉಪಾಧ್ಯಾಯಿನಿಯರಿಗೆ ತಿಳಿಸಲೇಬೇಕು.

ಗೆಳತಿಯ ಸಾಂತ್ವನಕ್ಕೂ ಮಿತಿಯುಂಟು. ಎರಡು ಮೂರು ವಾರ ಕಳೆದರೂ ಊಟ ನಿದ್ದೆ ಸರಿಯಾಗದಿದ್ದರೆ, ಮೊದಲು ಇಷ್ಟವಾಗಿದ್ದ ಕೆಲಸವೂ ಬೇಡವಾದರೆ, ಆ ಒಂದು ಕೂಟವು ಹಳೆಯ ಭಾರವೊಂದರ ಮೇಲೆ ಬಿದ್ದ ಕಡೆಯ ಕಲ್ಲಾಗಿರಬಹುದು. ವೈದ್ಯರನ್ನು ಕಾಣುವಂತೆ ಹೇಳಿ ಜೊತೆಗೆ ಹೋಗಬೇಕು. "ಬದುಕಿ ಏನು ಫಲ" ಎಂಬಂಥ ಮಾತು ಬಂದರಂತೂ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಅವಳೊಬ್ಬಳನ್ನೇ ಬಿಡದೆ ಅದೇ ದಿನ ಮನೆಯವರಿಗೆ ತಿಳಿಸಬೇಕು. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

ಕಡೆಯದಾಗಿ, ಹೋಗಲೋ ಬೇಡವೋ ಎಂದು ಅನುಮಾನಿಸುವವರಿಗೆ ಹೇಳುವುದಿಷ್ಟೆ. ಕೂಟವಾಗಿ ವಾರವೇ ಕಳೆದಿದ್ದರೂ ತಡವಾಯಿತೆಂದು ಬಿಡಬೇಡಿರಿ. ಚಿತ್ರಗಳನ್ನು ಉಳಿದವರು ಮರೆತಿರಬಹುದು, ಅವಳು ಮರೆತಿರುವುದಿಲ್ಲ. ಹೊರಡುವ ಮುನ್ನ ಚಂದದ ಮಾತುಗಳನ್ನು ಹೊಂದಿಸಿಕೊಳ್ಳುವ ಅಗತ್ಯವೂ ಇಲ್ಲ. ನಾನೂ ಹೋಗಿದ್ದೆನೆಂಬ ಸತ್ಯ, ಕೇಳುವುದಕ್ಕೆ ಒಂದು ಗಂಟೆಯ ಬಿಡುವು, ಅವಳನ್ನು ಕರೆಯುವುದಕ್ಕೆ ಒಂದು ದಿನ, ಇವು ಮೂರು ಕೈಯಲ್ಲಿದ್ದರೆ ಸಾಕು.